ಹಳೇ ಐ3 ಕಂಪ್ಯೂಟರಿನಲ್ಲಿ ಮೊಬೈಲ್ ಗೇಮು: ಒಂದು ಬಯೋಸ್ ಸ್ವಿಚ್ಚಿನ ಕತೆ

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಅಲ್ಲಿರುವ ಕಂಪ್ಯೂಟರಿಗೆ ವಯಸ್ಸಾಗಿದೆ. ಇಂಟೆಲ್ ಕೋರ್ ಐ3-3220 ಪ್ರೊಸೆಸರ್, 4 ಜಿಬಿ ರ್ಯಾಮ್, ಹಾರ್ಡ್ ಡಿಸ್ಕು, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನ ಒಳಗೇ ಇರುವ ಎಚ್‌ಡಿ ಗ್ರಾಫಿಕ್ಸ್ 2500 ಮಾತ್ರ. ಲಗ್ನಪತ್ರಿಕೆ, ಬಿಲ್ ಬುಕ್ಕು, ಆನ್‌ಲೈನ್ ಅರ್ಜಿ, ಇಷ್ಟಕ್ಕೆ ಇದು ಧಾರಾಳ ಸಾಕು.

ಏಪ್ರಿಲ್ ರಜೆಗೆ ಕುಮಟಾದಿಂದ ತಂಗಿಯ ಮಗ ಬಂದ. ಅವನ ಮೊಬೈಲಿನ ಡಿಸ್‌ಪ್ಲೇ ಒಡೆದಿತ್ತು. ರಿಪೇರಿ ಮಾಡಿಸಿಕೊಡಲು ತಂಗಿ ಸುತಾರಾಂ ಒಪ್ಪಿರಲಿಲ್ಲ. ಹಾಗಾಗಿ ಅವನ ಕಣ್ಣು ನನ್ನ ಕಂಪ್ಯೂಟರ್ ಮೇಲೆ ಬಿತ್ತು. ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ ಹಾಕಿದರೆ ಮೊಬೈಲ್ ಗೇಮ್ ಆಡಬಹುದಂತೆ, ಹಾಕಲಾ ಅಂತ ಕೇಳಿದ. ಅಂಗಡಿ ಮುಚ್ಚಿದ ಮೇಲೆ ಆಡುವುದಾದರೆ ಹಾಕು ಅಂದೆ.

ಎಮ್ಯುಲೇಟರ್ ಇನ್‌ಸ್ಟಾಲ್ ಆಯಿತು. ತೆರೆದಾಗ ವಿಟಿ, ಅಂದರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ, ಆಫ್ ಇದೆ, ಆನ್ ಮಾಡಿಕೊಳ್ಳಿ ಅಂತ ಒಂದು ಸೂಚನೆ ಬಂತು. ಹುಡುಗ ಅದನ್ನು ಓದದೆ ಮುಚ್ಚಿದ. ಆಮೇಲೆ ಲೋಡಿಂಗ್ ಪಟ್ಟಿ ಶುರುವಾಯಿತು. ಕಾಲುಗಂಟೆಯ ಹತ್ತಿರ ಕಾದ ಮೇಲೆ ಆಂಡ್ರಾಯ್ಡ್ ಪರದೆ ಕಾಣಿಸಿತು. ಮೌಸ್ ಒತ್ತಿದರೆ ಎರಡು ಮೂರು ಸೆಕೆಂಡ್ ಬಿಟ್ಟು ಐಕಾನ್ ಅಲ್ಲಾಡುತ್ತಿತ್ತು. ಲೂಡೋ ಹಾಕಿ ನೋಡಿದ. ದಾಳ ಉರುಳಿತು, ಆದರೆ ಸ್ಲೋ ಮೋಷನ್‌ನಲ್ಲಿ. ಫ್ರೀ ಫೈರ್ ಮ್ಯಾಕ್ಸ್ ಲೋಗೋ ತೋರಿಸಿ ಮುಚ್ಚಿಕೊಂಡಿತು.

"ಇದು ಆಗ್ತೇ ಇಲ್ಲೆ ಮಾವಾ, ಕಂಪ್ಯೂಟರ್ ಹಳೇದಾತು" ಅಂದ.

ಹಳೇದು ನಿಜ. ಆದರೆ ಲೂಡೋ ಆಡಲೂ ಆಗದಷ್ಟು ಹಳೇದಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು Performance ಪುಟದಲ್ಲಿ CPU ಒತ್ತಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ Virtualization: Disabled ಅಂತ ಇತ್ತು. ಇಷ್ಟು ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಪ್ರೊಸೆಸರಿಗೆ ಆ ಶಕ್ತಿಯೇ ಇಲ್ಲವೋ, ಇದ್ದೂ ಮುಚ್ಚಿಟ್ಟಿದ್ದಾರೋ ಅಂತ ತಿಳಿಯಬೇಕಾದರೆ ಕಮಾಂಡ್ ಪ್ರಾಂಪ್ಟ್ ತೆರೆದು systeminfo ಅಂತ ಟೈಪ್ ಮಾಡಬೇಕು. ಉದ್ದ ಪಟ್ಟಿಯ ಕೊನೆಯಲ್ಲಿ ನಮ್ಮಲ್ಲಿ ಬಂದಿದ್ದು ಹೀಗೆ:

```
Hyper-V Requirements:
  VM Monitor Mode Extensions: Yes
  Virtualization Enabled In Firmware: No
  Second Level Address Translation: Yes
  Data Execution Prevention Available: Yes
```

ಮೊದಲ ಸಾಲು Yes ಅಂದರೆ ಚಿಪ್ಪಿನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಇದೆ. ಎರಡನೇ ಸಾಲು No ಅಂದರೆ, ಕಂಪ್ಯೂಟರ್ ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಬಯೋಸ್‌ನಲ್ಲಿ ಅದನ್ನು ಬಂದ್ ಮಾಡಿಟ್ಟಿದ್ದಾರೆ. ಮೊದಲ ಸಾಲೇ No ಬಂದಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು. ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಇಷ್ಟಕ್ಕೂ ಆಟ ಆಡುವುದಕ್ಕೂ ಈ ಸೌಲಭ್ಯಕ್ಕೂ ಏನು ಸಂಬಂಧ? ಹುಡುಗನೂ ಇದನ್ನೇ ಕೇಳಿದ. ಎಮ್ಯುಲೇಟರ್ ಅಂದರೆ ಒಂದು ಆಟದ ಪ್ರೋಗ್ರಾಂ ಅಲ್ಲ. ವಿಂಡೋಸ್ ಒಳಗೆ ಇಡೀ ಆಂಡ್ರಾಯ್ಡ್ ವ್ಯವಸ್ಥೆ, ಅದರ ತಿರುಳಾದ ಕರ್ನಲ್ ಸಮೇತ, ಇನ್ನೊಂದು ಕಂಪ್ಯೂಟರ್ ತರಹ ಓಡುತ್ತದೆ. ಯಾವುದೇ ಆಪರೇಟಿಂಗ್ ಸಿಸ್ಟಮ್ ತಾನೇ ಯಜಮಾನ ಅಂದುಕೊಂಡಿರುತ್ತದೆ. ಮೆಮೊರಿ ಹಂಚುವುದು, ಯಾವ ಕೆಲಸ ಮೊದಲು ಅಂತ ನಿರ್ಧರಿಸುವುದು, ಇವಕ್ಕೆಲ್ಲ ಪ್ರೊಸೆಸರ್ ಒಂದು ಮೇಲಿನ ದರ್ಜೆಯ ಅಧಿಕಾರ ಇಟ್ಟಿದೆ. ಆ ಜಾಗದಲ್ಲಿ ಈಗಾಗಲೇ ವಿಂಡೋಸ್ ಕೂತಿದೆ. ಆಂಡ್ರಾಯ್ಡ್ ಕೂಡ ಅಲ್ಲೇ ಕೂರಬೇಕು ಅನ್ನುತ್ತದೆ.

ಹಾಗಾದರೆ ಆಂಡ್ರಾಯ್ಡ್ ಅನ್ನು ಕೆಳಗಿನ ದರ್ಜೆಯಲ್ಲಿ ಕೂರಿಸಿ, ಅದು ಅಧಿಕಾರದ ಆಜ್ಞೆ ಕೊಟ್ಟಾಗ ಹಿಡಿದು ನಿಭಾಯಿಸಿದರೆ ಆಯಿತಲ್ವಾ? ಹಳೇ ಪ್ರೊಸೆಸರುಗಳಲ್ಲಿ ಅದೂ ಸಲೀಸಾಗಿ ಆಗುತ್ತಿರಲಿಲ್ಲ. ಕೆಲವು ಆಜ್ಞೆಗಳನ್ನು ಕೆಳದರ್ಜೆಯಲ್ಲಿ ಕೊಟ್ಟರೆ ಪ್ರೊಸೆಸರ್ ತಪ್ಪು ಅಂತ ಕೂಗಿ ಹೇಳುವುದಿಲ್ಲ. ಸುಮ್ನೆ ಬೇರೇನೋ ಮಾಡಿ ಮುಂದೆ ಹೋಗುತ್ತದೆ. ಕೂಗದಿದ್ದರೆ ಹಿಡಿಯುವುದು ಹೇಗೆ? ಆದ್ದರಿಂದ ವರ್ಚುವಲ್ ಯಂತ್ರ ಓಡಿಸುವ ಸಾಫ್ಟ್‌ವೇರ್ ಒಳಗಿನ ಕೋಡನ್ನು ಮೊದಲೇ ಓದಿ, ಅಂಥ ಆಜ್ಞೆಗಳನ್ನು ಹುಡುಕಿ, ತಿದ್ದಿ ಬರೆದು, ಆಮೇಲೆ ಓಡಿಸಬೇಕಾಗುತ್ತಿತ್ತು. ಕೆಲವು ಎಮ್ಯುಲೇಟರ್‌ಗಳಂತೂ ಇಡೀ ಕೋಡನ್ನೇ ಹೀಗೆ ತಿದ್ದುತ್ತಾ ಹೋಗುತ್ತವೆ. ನಮ್ಮ ಲೂಡೋ ದಾಳ ತೇಲಿದ್ದು ಇದರಿಂದಲೇ.

2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ಅಂತ, ಮರುವರ್ಷ ಎಎಂಡಿ ತನ್ನ ಎಎಂಡಿ-ವಿ ಅಂತ ಇದಕ್ಕೆ ಚಿಪ್ಪಿನಲ್ಲೇ ದಾರಿ ಮಾಡಿದವು. ಇದು ಮನೆಯ ಹಿಂದೆ ಬಾಡಿಗೆಯವರಿಗೆ ಬೇರೆ ಬಾಗಿಲು, ಬೇರೆ ಒಲೆ ಮಾಡಿಕೊಟ್ಟ ಹಾಗೆ. ಒಳಗೆ ಅವರದೇ ಯಜಮಾನಿಕೆ. ಕರೆಂಟ್ ಮೀಟರ್, ನೀರಿನ ಪಂಪು ಅಂಥ ವಿಷಯ ಬಂದಾಗ ಮಾತ್ರ ಮನೆ ಮಾಲೀಕರನ್ನು ಕರೆಯುತ್ತಾರೆ. ಆಂಡ್ರಾಯ್ಡಿನ ಕೋಡು ಹೀಗೆ ಯಾರ ತಿದ್ದುಪಡಿಯೂ ಇಲ್ಲದೆ ನೇರವಾಗಿ ಪ್ರೊಸೆಸರ್ ಮೇಲೆ ಓಡುತ್ತದೆ.

systeminfo ಪಟ್ಟಿಯ ಮೂರನೇ ಸಾಲೂ ಮುಖ್ಯವೇ. ಒಳಗಿನ ಆಂಡ್ರಾಯ್ಡ್ ತನ್ನ ಮೆಮೊರಿ ವಿಳಾಸಗಳ ಕೋಷ್ಟಕ ಬದಲಿಸಿದಾಗೆಲ್ಲ, ಅದಕ್ಕೆ ನಿಜವಾದ ರ್ಯಾಮಿನಲ್ಲಿ ಯಾವ ಜಾಗ ಅಂತ ಯಾರಾದರೂ ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಚಿಪ್ಪೇ ಮಾಡುತ್ತದೆ ಅನ್ನುವುದು ಆ ಸಾಲಿನ ಅರ್ಥ. ಇಂಟೆಲ್‌ನಲ್ಲಿ ಇದು 2008ರ ನೆಹೇಲಂ ಪೀಳಿಗೆಯಿಂದ ಬಂತು. ಕೋರ್ 2 ಡ್ಯುಯೋ ಇಟ್ಟುಕೊಂಡಿರುವವರು ಗಮನಿಸಿ: ನಿಮ್ಮ ಚಿಪ್ಪಿನಲ್ಲಿ ವಿಟಿ ಇರಬಹುದು, ಆದರೆ ಮೆಮೊರಿ ಲೆಕ್ಕದ ಈ ಸೌಲಭ್ಯ ಇಲ್ಲ. ವಿಟಿ ಆನ್ ಮಾಡಿದರೂ ಪೂರ್ತಿ ವೇಗ ಸಿಗುವುದಿಲ್ಲ.

ನಮ್ಮ ಐ3ಯಲ್ಲಿ ಎರಡೂ ಇದ್ದವು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ Del ಒತ್ತುತ್ತಾ ಕೂತು ಬಯೋಸ್‌ಗೆ ಹೋದೆವು. ಕೆಲವು ಬೋರ್ಡಿನಲ್ಲಿ F2 ಇರುತ್ತದೆ. Advanced ಪುಟದಲ್ಲಿ CPU Configuration ಒಳಗೆ Intel Virtualization Technology ಅಂತ ಸಿಕ್ಕಿತು. ಎಎಂಡಿ ಬೋರ್ಡಿನಲ್ಲಿ ಹುಡುಕುವವರು SVM Mode ಅನ್ನುವ ಹೆಸರು ನೋಡಬೇಕು, ಅಲ್ಲಿ ವರ್ಚುವಲೈಸೇಶನ್ ಅನ್ನುವ ಶಬ್ದವೇ ಇಲ್ಲದಿರಬಹುದು. Enabled ಮಾಡಿ F10 ಒತ್ತಿ ಉಳಿಸಿದೆವು. ಇದನ್ನು ವಿಂಡೋಸ್ ಒಳಗಿನಿಂದ ಮಾಡಲು ಆಗುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗಲೇ ಬಯೋಸ್ ಈ ಬಾಗಿಲನ್ನು ತೆರೆದೋ ಮುಚ್ಚಿಯೋ ಬೀಗ ಹಾಕುತ್ತದೆ. ಆಮೇಲೆ ಬಂದ ವಿಂಡೋಸ್‌ಗೆ ಆ ಬೀಗದ ಕೈ ಸಿಗುವುದಿಲ್ಲ. ಹಾಗಾಗಿ ಒಂದೇ ಕ್ಲಿಕ್ಕಿನಲ್ಲಿ ವಿಟಿ ಆನ್ ಮಾಡುತ್ತೇವೆ ಅನ್ನುವ ಪ್ರೋಗ್ರಾಂ ಎಲ್ಲಾದರೂ ಕಂಡರೆ ಇಳಿಸಿಕೊಳ್ಳಬೇಡಿ.

ಈ ಸಲ ಎಮ್ಯುಲೇಟರ್ ಒಂದೂವರೆ ನಿಮಿಷದಲ್ಲಿ ಎದ್ದಿತು. ಲೂಡೋ ಮೊಬೈಲಿನಲ್ಲಿ ಆಡಿದಂತೆಯೇ ಇತ್ತು. ಹಿಲ್ ಕ್ಲೈಂಬ್ ರೇಸಿಂಗ್ ಕೂಡ ಚೆನ್ನಾಗಿ ಓಡಿತು. ಹುಡುಗ ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ.

ಮರುದಿನ ಸಂಜೆ ಮತ್ತೆ ಅದೇ ತೇಲುವ ದಾಳ! ಟಾಸ್ಕ್ ಮ್ಯಾನೇಜರ್ ನೋಡಿದರೆ ಮತ್ತೆ Disabled. ಬಯೋಸ್‌ಗೆ ಹೋಗಿ ಆನ್ ಮಾಡಿದೆವು, ಸರಿಯಾಯಿತು. ಎರಡು ದಿನ ಚೆನ್ನಾಗಿತ್ತು. ಮತ್ತೆ ಹೋಯಿತು. ಎಮ್ಯುಲೇಟರೇ ಏನೋ ಕಿತಾಪತಿ ಮಾಡುತ್ತಿದೆ ಅಂತ ಹುಡುಗನ ವಾದ. ಅದನ್ನು ತೆಗೆದು ಇನ್ನೊಂದು ಹಾಕಿದ. ಅದರಲ್ಲೂ ಇದೇ ಹಾಡು.

ಸುಳಿವು ಸಿಕ್ಕಿದ್ದು ಅರ್ಜಿ ತುಂಬಿಸಲು ಬಂದ ಗಿರಾಕಿಯೊಬ್ಬರಿಂದ. ವೆಬ್‌ಸೈಟ್ ತೆರೆದರೆ ಬ್ರೌಸರ್ Your clock is behind ಅಂತ ತಡೆಯಿತು. ಮೂಲೆಯ ಗಡಿಯಾರದಲ್ಲಿ 2012ನೇ ಇಸವಿ! "ನಿಮ್ಮ ಕಂಪ್ಯೂಟರು ಹಿಂದಕ್ಕೆ ಹೋಗ್ತಾ ಇದೆಯಲ್ಲ" ಅಂತ ಅವರು ನಕ್ಕರು. ಇದು ಮೊದಲೂ ಆಗುತ್ತಿತ್ತು. ಇಂಟರ್ನೆಟ್ ಸಿಕ್ಕಿದ ಮೇಲೆ ವಿಂಡೋಸ್ ತಾನೇ ಸಮಯ ಸರಿ ಮಾಡಿಕೊಳ್ಳುತ್ತಿತ್ತು, ಹಾಗಾಗಿ ನಮ್ಮ ಕೆಲಸಕ್ಕೇನೂ ತೊಂದರೆ ಇರಲಿಲ್ಲ. ಈಗ ಎರಡನ್ನೂ ಕೂಡಿಸಿ ನೋಡಿದರೆ ಕಾರಣ ಕಾಣಿಸಿತು. ದಿನಾಂಕ ಮತ್ತು ಬಯೋಸ್ ಸೆಟ್ಟಿಂಗ್ ಎರಡನ್ನೂ ಕಾಯುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ. ಅದು ಸತ್ತಿತ್ತು.

ಹಾಗಿದ್ದರೆ ದಿನಾ ಹೋಗಬೇಕಿತ್ತಲ್ಲ, ಎರಡು ದಿನ ಹೇಗೆ ಉಳಿಯಿತು? ಕಂಪ್ಯೂಟರ್ ಆಫ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಪವರ್ ಸಪ್ಲೈನಿಂದ ಬೋರ್ಡಿಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ಆಗ ಬ್ಯಾಟರಿಯ ಅಗತ್ಯ ಬೀಳುವುದಿಲ್ಲ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆಯಾದರೆ ಗುಡುಗು ಸಿಡಿಲು. ಮೋಡ ಗುಡುಗಿದ ಕೂಡಲೇ ಟಿವಿ, ಫ್ರಿಜ್ಜು, ಮೋಡೆಮ್ ಎಲ್ಲದರ ಪ್ಲಗ್ ಕೀಳುವುದು ಶಿರಸಿ ಕಡೆ ಎಲ್ಲರ ಮನೆಯ ಅಭ್ಯಾಸ. ನಾನು ಅಂಗಡಿಯಲ್ಲೂ ಹಾಗೇ ಮಾಡುತ್ತೇನೆ. ಗುಡುಗಿದ ದಿನ ಪ್ಲಗ್ ಕಿತ್ತೆ, ಸೆಟ್ಟಿಂಗ್ ಹೋಯಿತು. ಗುಡುಗದ ದಿನ ಉಳಿಯಿತು. ಈ ಬೋರ್ಡಿನ ಮೂಲ ಸೆಟ್ಟಿಂಗೇ Disabled ಆಗಿದ್ದರಿಂದ ನೆನಪು ಹೋದಾಗೆಲ್ಲ ಅಲ್ಲಿಗೇ ಮರಳುತ್ತಿತ್ತು. ಕೆಲವು ಬೋರ್ಡುಗಳು ಹೀಗಾದಾಗ CMOS ದೋಷ ಅಂತ ಬರೆದು F1 ಒತ್ತಲು ಹೇಳಿ ನಿಲ್ಲುತ್ತವೆ. ನಮ್ಮದು ಮಾತಾಡದೆ ಮುಂದೆ ಹೋಗುವ ಜಾತಿ.

ಬ್ಯಾಟರಿ ತೆಗೆದು ಮಲ್ಟಿಮೀಟರ್ ಹಿಡಿದರೆ 2.3 ವೋಲ್ಟ್ ತೋರಿಸಿತು. ಹೊಸದರಲ್ಲಿ 3 ವೋಲ್ಟ್ ಇರಬೇಕು. ವಾಚ್ ರಿಪೇರಿ ಅಂಗಡಿಯಲ್ಲೇ ಹೊಸ ಬ್ಯಾಟರಿ ಸಿಕ್ಕಿತು. ಹಾಕುವಾಗ ಪ್ಲಗ್ ತೆಗೆದಿರಬೇಕು, ಅಕ್ಷರ ಕೆತ್ತಿದ ಮುಖ ಮೇಲೆ ಬರಬೇಕು. ಆಮೇಲೆ ಬಯೋಸ್‌ನಲ್ಲಿ ದಿನಾಂಕ, ವಿಟಿ ಎರಡನ್ನೂ ಸರಿ ಮಾಡಿದೆವು. ಅಲ್ಲಿಂದ ಮುಂದೆ ಎಷ್ಟು ಗುಡುಗಿದರೂ ಸೆಟ್ಟಿಂಗ್ ಅಲ್ಲಾಡಲಿಲ್ಲ.

ಇದರ ನಡುವೆ ಕಾರವಾರದಿಂದ ಅಣ್ಣನ ಮಗಳ ಫೋನು. ಇವನು ಅವಳ ಹತ್ತಿರ ಜಂಬ ಕೊಚ್ಚಿಕೊಂಡಿದ್ದನಂತೆ. ಅವಳದು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್, 8 ಜಿಬಿ ರ್ಯಾಮ್. "ಚಿಕ್ಕಪ್ಪಾ, ನಮ್ಮಲ್ಲಿ Enabled ಅಂತಲೇ ಇದೆ. ಆದ್ರೂ ವಿಟಿ ಸಿಗ್ತಾ ಇಲ್ಲ ಅಂತ ಹೇಳ್ತದೆ" ಅಂದಳು. systeminfo ಹಾಕಿಸಿದೆ. ನಾಲ್ಕು ಸಾಲಿನ ಬದಲು ಅವಳಿಗೆ A hypervisor has been detected ಅಂತ ಒಂದೇ ವಾಕ್ಯ ಬಂತು.

ಅಂದರೆ ಬಾಗಿಲು ತೆರೆದಿದೆ, ಆದರೆ ಬೇರೆಯವರು ಆಗಲೇ ಒಳಗೆ ಇದ್ದಾರೆ. ವಿಂಡೋಸ್‌ನಲ್ಲಿ ಹೈಪರ್-ವಿ ಅನ್ನುವ ತನ್ನದೇ ವರ್ಚುವಲೈಸೇಶನ್ ವ್ಯವಸ್ಥೆ ಇದೆ. ನಾವು ಅದನ್ನು ಹಾಕದಿದ್ದರೂ, Windows Security ಒಳಗಿನ Core isolation ಪುಟದಲ್ಲಿ Memory integrity ಆನ್ ಇದ್ದರೆ ಅದು ಓಡುತ್ತಿರುತ್ತದೆ. ವಿಟಿಯನ್ನು ನೇರವಾಗಿ ಹಿಡಿಯಬೇಕು ಅನ್ನುವ ಎಮ್ಯುಲೇಟರ್‌ಗೆ ಆಗ ಜಾಗ ಇಲ್ಲ. ಇದಕ್ಕೆ ಹೈಪರ್-ವಿಯನ್ನೇ ಬಂದ್ ಮಾಡುವ ದಾರಿಯನ್ನು ಹಲವರು ಹೇಳುತ್ತಾರೆ:

```
bcdedit /set hypervisorlaunchtype off
```

ನಾನು ಅವಳಿಗೆ ಬೇಡ ಅಂದೆ. ಬ್ಯಾಂಕ್ ಕೆಲಸವೂ ಅದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಕರ್ನಲ್ಲಿಗೆ ಕೆಟ್ಟ ಡ್ರೈವರ್ ನುಗ್ಗದಂತೆ ಕಾಯುವ ವ್ಯವಸ್ಥೆಯನ್ನು ಒಂದು ಆಟಕ್ಕಾಗಿ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಹೈಪರ್-ವಿ ಜೊತೆ ಹೊಂದಿಕೊಂಡು ಓಡುವ ಎಮ್ಯುಲೇಟರ್ ಆವೃತ್ತಿಗಳು ಈಗ ಇವೆ. ಅಂಥದನ್ನು ಹಾಕಿದಳು, ನಡೆಯಿತು. ಇನ್ನೊಂದು ಮಾತು: ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ಮುಟ್ಟಿದರೆ, ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ತನ್ನ ರಿಕವರಿ ಕೀ ಕೇಳಬಹುದು. ಮೊದಲೇ ಅದನ್ನು ಬರೆದಿಟ್ಟುಕೊಂಡು ಕೈ ಹಾಕಿ.

ನಮ್ಮ ಐ3ಗೆ ವಾಪಸ್ ಬರುತ್ತೇನೆ. ಬ್ಯಾಟರಿ ಹೊಸದಾಯಿತು, ವಿಟಿ ನಿಂತಿತು. ಇನ್ನು ಫ್ರೀ ಫೈರ್ ಮ್ಯಾಕ್ಸ್ ಓಡಬೇಕಲ್ವಾ? ತೆರೆಯಿತು. ಲಾಬಿಯವರೆಗೆ ಹೋಯಿತು. ಮ್ಯಾಚ್ ಶುರುವಾದ ಕೂಡಲೇ ಹತ್ತು ಹದಿನೈದು ಸೆಕೆಂಡ್ ಹೆಪ್ಪುಗಟ್ಟಿದಂತೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅಷ್ಟರಲ್ಲಿ ಇವನನ್ನು ಯಾರೋ ಹೊಡೆದು ಮುಗಿಸಿರುತ್ತಿದ್ದರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಅಷ್ಟೇನೂ ದಣಿದಿರಲಿಲ್ಲ. Memory 95 ಶೇಕಡಾ ದಾಟಿತ್ತು, Disk ನೂರಕ್ಕೆ ನೂರು. ಇದು ರ್ಯಾಮಿನ ಬರ. ವಿಂಡೋಸ್‌ಗೇ 2 ಜಿಬಿ ಹತ್ತಿರ ಬೇಕು, ಎಮ್ಯುಲೇಟರ್‌ಗೆ 2 ಜಿಬಿ ಕೊಟ್ಟಿದ್ದೆವು, ಗ್ರಾಫಿಕ್ಸ್ ಕೂಡ ಇದೇ ರ್ಯಾಮಿನಲ್ಲಿ ಪಾಲು ಕೇಳುತ್ತದೆ. ಸಾಲದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿಗೆ ಬರೆದು ಮತ್ತೆ ಓದುತ್ತದೆ. ಡಿಸ್ಕು ತಿರುಗಿ ಓದುವವರೆಗೆ ಆಟ ನಿಂತಿರುತ್ತದೆ. ಎಮ್ಯುಲೇಟರ್‌ಗಳ ವೆಬ್‌ಸೈಟಿನಲ್ಲಿ 4 ಜಿಬಿ ಸಾಕು ಅಂತ ಬರೆದಿರುತ್ತದೆ. ತೆರೆಯಲು ಸಾಕು, ದೊಡ್ಡ ಆಟ ಆಡಲು ಸಾಲದು.

ಬೋರ್ಡಿನಲ್ಲಿ ಒಂದು ಸ್ಲಾಟ್ ಖಾಲಿ ಇತ್ತು. ಪರಿಚಯದವರ ಹತ್ತಿರ ಹಳೇ 4 ಜಿಬಿ ಡಿಡಿಆರ್3 ರ್ಯಾಮ್ ಸಿಕ್ಕಿತು. ಹಾಕಿದ ಮೇಲೆ ಆ ಹೆಪ್ಪುಗಟ್ಟುವುದು ನಿಂತಿತು. ಚಿತ್ರವೂ ಸ್ವಲ್ಪ ನಯವಾಯಿತು. ಎರಡು ಕಡ್ಡಿ ಇದ್ದಾಗ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೇ ಓದುತ್ತದೆ. ರ್ಯಾಮನ್ನೇ ನಂಬಿಕೊಂಡಿರುವ ಒಳಗ್ರಾಫಿಕ್ಸ್‌ಗೆ ಇದು ನೇರ ಲಾಭ. ಎಮ್ಯುಲೇಟರ್ ಸೆಟ್ಟಿಂಗ್‌ನಲ್ಲಿ 2 ಕೋರ್, 3 ಜಿಬಿ ರ್ಯಾಮ್, 1280x720 ಪರದೆ, ಸೆಕೆಂಡಿಗೆ 30 ಫ್ರೇಮ್ ಇಟ್ಟೆವು. ನಾಲ್ಕು ಕೋರ್ ಕೊಡೋಣ ಅಂದ ಹುಡುಗ. ಟಾಸ್ಕ್ ಮ್ಯಾನೇಜರ್ ನಾಲ್ಕು ತೋರಿಸಿದರೂ ಈ ಚಿಪ್ಪಿನಲ್ಲಿ ನಿಜವಾಗಿ ಇರುವುದು ಎರಡೇ ಕೋರ್. ಎಲ್ಲವನ್ನೂ ಆಂಡ್ರಾಯ್ಡ್‌ಗೆ ಕೊಟ್ಟರೆ ವಿಂಡೋಸ್ ಎಲ್ಲಿಗೆ ಹೋಗಬೇಕು? ಗ್ರಾಫಿಕ್ಸ್ ಅತಿ ಕೆಳಗಿನ ಮಟ್ಟಕ್ಕೆ ಇಟ್ಟ ಮೇಲೆ ಫ್ರೀ ಫೈರ್ ಮ್ಯಾಕ್ಸ್ 25ರಿಂದ 30 ಫ್ರೇಮ್ ನಡುವೆ ಆಡುವ ಹಾಗಾಯಿತು.

ಆಮೇಲೆ ಅವನು ಎಲ್ಲಿಂದಲೋ ಒಂದು ಭಾರೀ ತ್ರೀಡಿ ಸಾಹಸದ ಆಟ ತಂದ. ಅದು ಕುಂಟಿತು. ಈ ಸಲ ರ್ಯಾಮ್ ಬಾಕಿ ಇತ್ತು, ಡಿಸ್ಕು ಸುಮ್ಮನಿತ್ತು, ಪ್ರೊಸೆಸರ್ ಮಾತ್ರ ನೂರಕ್ಕೆ ಮುಟ್ಟಿತ್ತು. ಆ ಆಟದ ಇನ್‌ಸ್ಟಾಲ್ ಕಡತವಾದ ಎಪಿಕೆಯನ್ನು ಜಿಪ್ ತೆರೆಯುವ ಪ್ರೋಗ್ರಾಂನಲ್ಲಿ ಬಿಚ್ಚಿ ನೋಡಿದೆ. ಒಳಗೆ lib ಅನ್ನುವ ಫೋಲ್ಡರಿನಲ್ಲಿ arm64-v8a ಒಂದೇ ಇತ್ತು, x86_64 ಇರಲಿಲ್ಲ. ಮೊಬೈಲುಗಳದು ಆರ್ಮ್ ಪ್ರೊಸೆಸರ್, ನಮ್ಮ ಕಂಪ್ಯೂಟರಿನದು ಇಂಟೆಲ್ ಜಾತಿ. ಎರಡರ ಆಜ್ಞೆಗಳೇ ಬೇರೆ. ಆಂಡ್ರಾಯ್ಡ್ ವ್ಯವಸ್ಥೆಯನ್ನು ಎಮ್ಯುಲೇಟರ್‌ನವರು ಇಂಟೆಲ್‌ಗಾಗಿಯೇ ತಯಾರಿಸಿ ಕೊಟ್ಟಿರುತ್ತಾರೆ, ಅದು ವಿಟಿಯಿಂದ ನೇರ ಓಡುತ್ತದೆ. ಆರ್ಮ್‌ಗೆ ಮಾತ್ರ ಬರೆದ ಆಟವನ್ನು ಓಡುತ್ತಾ ಓಡುತ್ತಾ ಅನುವಾದ ಮಾಡಲೇಬೇಕು. ಈ ಅನುವಾದದ ಖರ್ಚನ್ನು ವಿಟಿ ಕಡಿಮೆ ಮಾಡುವುದಿಲ್ಲ. ಸಣ್ಣ ಆಟಗಳಲ್ಲಿ ಅದು ಗೊತ್ತಾಗುವುದೇ ಇಲ್ಲ, ದೊಡ್ಡದರಲ್ಲಿ ಎರಡು ಕೋರಿನ ಐ3 ಸೋಲುತ್ತದೆ.

ಬಿಜಿಎಂಐ ಆಟದ ಬಗ್ಗೆಯೂ ಕೇಳಿದ. ಅದಕ್ಕೆ ಕಂಪ್ಯೂಟರ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಎಮ್ಯುಲೇಟರ್‌ನಲ್ಲಿ ಆಡಲು ಆ ಆಟದ ಕಂಪನಿಯವರ ಒಪ್ಪಿಗೆ ಇಲ್ಲ, ಗುರುತಿಸಿದರೆ ಖಾತೆಯೇ ಹೋಗಬಹುದು. ಗೂಗಲ್‌ನದೇ ಪ್ಲೇ ಗೇಮ್ಸ್ ಹಾಕೋಣ ಅಂದರೆ ಅದು ನಾಲ್ಕು ನಿಜವಾದ ಕೋರ್, 8 ಜಿಬಿ ರ್ಯಾಮ್, ಎಸ್‌ಎಸ್‌ಡಿ ಕೇಳುತ್ತದೆ.

"ಹಂಗಾರೆ ಪ್ರೊಸೆಸರೇ ಬದಲಾಯಿಸಿದ್ರೆ?" ಅಂದ. ಇದೇ ಬೋರ್ಡಿಗೆ ನಾಲ್ಕು ಕೋರಿನ ಹಳೇ ಐ5-3470 ಕೂರುತ್ತದೆ, ಅನುವಾದದ ಹೊರೆ ಅದು ಹೊರಬಹುದು. ಆದರೆ ಅದರೊಳಗಿನ ಗ್ರಾಫಿಕ್ಸ್ ಕೂಡ ಇದೇ ಎಚ್‌ಡಿ 2500. ಚಿತ್ರ ಬಿಡಿಸುವ ವೇಗ ಈಗಿರುವಷ್ಟೇ ಇರುತ್ತದೆ. ಅಷ್ಟು ದುಡ್ಡು ಹಾಕುವ ಬದಲು ಅವನ ಮೊಬೈಲಿನ ಡಿಸ್‌ಪ್ಲೇಯನ್ನೇ ಹಾಕಿಸುವುದು ಅಗ್ಗ ಅಂತ ತಂಗಿಗೆ ಫೋನ್ ಮಾಡಿ ಹೇಳಿದೆ. ಮಾರ್ಕ್ಸ್‌ಕಾರ್ಡ್ ಬರಲಿ, ನೋಡೋಣ ಅಂದಳು.